₹30ಕ್ಕೆ 37 ಗ್ರಾಂ: ಮೆಸ್ ಊಟದ ಹುಡುಗನೊಬ್ಬನ ಪ್ರೋಟೀನ್ ಲೆಕ್ಕ

ಅಕ್ಕನ ಮಗ ಫೋನ್ ಮಾಡಿದ್ದು ದುಡ್ಡು ಕೇಳೋಕೆ. "ಚಿಕ್ಕಮ್ಮ, ಒಂದು ಎರಡೂವರೆ ಸಾವಿರ ಹಾಕ್ತೀಯಾ? ಅಮ್ಮನಿಗೆ ಹೇಳ್ಬೇಡ."

ಯಾಕೆ ಎಂದು ಕೇಳಿದೆ. ಪ್ರೋಟೀನ್ ಪೌಡರ್ ತಗೋಬೇಕಂತೆ. ಜಿಮ್‌ನ ಟ್ರೇನರ್ ಹೇಳಿದ್ದಾನೆ, ಮೆಸ್ ಊಟದಲ್ಲಿ ಪ್ರೋಟೀನೇ ಇಲ್ಲ ಅಂತ.

ಅವನನ್ನು ಇಲ್ಲಿ ಮಂಜು ಎಂದು ಕರೆಯುತ್ತೇನೆ, ನಿಜವಾದ ಹೆಸರು ಬೇರೆ. ವಯಸ್ಸು 19, ತೂಕ 60 ಕೆಜಿ. ಊರು ಅರಸೀಕೆರೆ ಕಡೆ. ಮೈಸೂರಿನಲ್ಲಿ ಡಿಗ್ರಿ ಓದುತ್ತಾ ಇನ್ನಿಬ್ಬರು ಹುಡುಗರ ಜೊತೆ ರೂಮು ಮಾಡಿಕೊಂಡಿದ್ದಾನೆ. ಮೂರು ಹೊತ್ತೂ ಮೆಸ್ಸಿನಲ್ಲೇ ಊಟ. ರೂಮಿನಲ್ಲಿ ಇರುವುದು ಒಂದು ಎಲೆಕ್ಟ್ರಿಕ್ ಕೆಟಲ್, ಒಂದು ಹಳೇ ಇಂಡಕ್ಷನ್ ಒಲೆ, ಒಂದು ಬಾಣಲೆ. ಕುಕ್ಕರ್ ಇಲ್ಲ, ಫ್ರಿಜ್ ಇಲ್ಲ. ಮೆಸ್ ದುಡ್ಡು ಬಿಟ್ಟು "ಮೈಗೆ ಏನಾದ್ರೂ ತಿನ್ನು" ಅಂತ ಅಕ್ಕ ತಿಂಗಳಿಗೆ ₹900 ಕೊಡುತ್ತಾಳೆ. ಅಂದರೆ ದಿನಕ್ಕೆ ₹30. ಅದರಲ್ಲಿ ದಿನಾ ಅರ್ಧ ಲೀಟರ್ ಹಾಲು ಕುಡಿಯಲೇಬೇಕು ಅನ್ನೋದು ಅವಳ ಕಟ್ಟಪ್ಪಣೆ.

ನಾನು ಕಾಲೇಜಿನಲ್ಲಿ ಪೌಷ್ಟಿಕ ಆಹಾರದ ಪಾಠ ಹೇಳುವವಳು. ದುಡ್ಡು ಹಾಕಲಿಲ್ಲ. ಒಂದು ವಾರ ತಡಿ, ಲೆಕ್ಕ ಹಾಕೋಣ ಅಂದೆ. ಅವನಿಗೆ ಬೇಜಾರಾಯ್ತು, ಆದರೂ ಒಪ್ಪಿದ.

ಮೊದಲು ಮೆಸ್ಸಿನ ಲೆಕ್ಕ

ಯಾವುದು ಅಗ್ಗ ಎಂದು ನೋಡುವ ಮುಂಚೆ ಎಷ್ಟು ಕೊರತೆ ಇದೆ ಎಂದು ಗೊತ್ತಿರಬೇಕು. ಸಾಮಾನ್ಯವಾಗಿ ಯಾರೂ ಈ ಲೆಕ್ಕ ಹಾಕುವುದಿಲ್ಲ. ಟ್ರೇನರ್ ಹೇಳಿದ್ದು ಕೆಜಿ ತೂಕಕ್ಕೆ 2 ಗ್ರಾಂ, ಅಂದರೆ ದಿನಕ್ಕೆ 120 ಗ್ರಾಂ. ಮೆಸ್ಸಿನಿಂದ ಸೊನ್ನೆ ಬರುತ್ತದೆ ಎಂದುಕೊಂಡರೆ ಈ 120 ಗ್ರಾಮನ್ನೂ ಕೊಂಡೇ ತಿನ್ನಬೇಕು. ಆಗ ಯಾರಿಗಾದರೂ ಪೌಡರ್ ಡಬ್ಬವೇ ಕಣ್ಣಿಗೆ ಬೀಳೋದು.

ನಮ್ಮ ದೇಶದ ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ಕೆಜಿಗೆ 0.83 ಗ್ರಾಂ. ಮಂಜುಗೆ ಅದು 50 ಗ್ರಾಂ ಆಗುತ್ತದೆ. ಇದು ಆರೋಗ್ಯವಾಗಿರುವ ಸಾಮಾನ್ಯ ಮನುಷ್ಯನಿಗೆ. ತೂಕ ಎತ್ತುವವರಿಗೆ ಇನ್ನಷ್ಟು ಬೇಕು, ಆದರೆ ಕೆಜಿಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯು ಬೆಳೆಯುವುದಕ್ಕೆ ಹೆಚ್ಚಿನ ಲಾಭ ಕಾಣುವುದಿಲ್ಲ. ಇವನು ವಾರಕ್ಕೆ ನಾಲ್ಕು ದಿನ, ಒಂದೊಂದು ಗಂಟೆ ಜಿಮ್ಮಿಗೆ ಹೋಗುವ ಹುಡುಗ. ಹೊಟ್ಟೆ ತುಂಬಾ ಅನ್ನ, ಮುದ್ದೆ ಉಣ್ಣುತ್ತಾನೆ. ಕೆಜಿಗೆ 1.3ರ ಹಾಗೆ 80 ಗ್ರಾಂ ಗುರಿ ಇಟ್ಟೆವು.

ಇನ್ನು ತಟ್ಟೆಯಲ್ಲಿ ಏನಿದೆ ಎಂದು ನೋಡಬೇಕಲ್ಲ. ಅನ್ನದ ವಿಷಯ ಸುಲಭ. ಇವನು ಒಂದು ಹೊತ್ತಿಗೆ ಉಣ್ಣುವ ಅನ್ನಕ್ಕೆ ಸುಮಾರು 125 ಗ್ರಾಂ ಅಕ್ಕಿ ಹಿಡಿಯುತ್ತದೆ. ಎರಡು ಹೊತ್ತಿಗೆ 250 ಗ್ರಾಂ. ಅಕ್ಕಿಯಲ್ಲಿ ನೂರಕ್ಕೆ ಏಳೂವರೆ ಗ್ರಾಂನಷ್ಟು ಪ್ರೋಟೀನ್ ಇರುತ್ತದೆ, ಹಾಗಾಗಿ 19 ಗ್ರಾಂ. ರಾತ್ರಿ ಒಂದು ಮುದ್ದೆಗೆ 100 ಗ್ರಾಂ ರಾಗಿ ಹಿಟ್ಟು, ಅದರಿಂದ 7. ಬೆಳಿಗ್ಗೆ ಮೂರು ಇಡ್ಲಿಗೆ 6. ನೀರು ಮಜ್ಜಿಗೆಗೆ 2.

ಸಾಂಬಾರಿನದ್ದೇ ತಲೆನೋವು. ಸೌಟಿನಲ್ಲಿ ಎಷ್ಟು ಬೇಳೆ ಬಂತು ಅಂತ ಹೇಗೆ ಹೇಳೋದು? ಅಡುಗೆ ಭಟ್ಟರನ್ನೇ ಕೇಳು ಅಂದೆ. ಮಂಜು ಹೋಗಿ ಕೇಳಿದ. "ನೂರಿಪ್ಪತ್ತು ಜನಕ್ಕೆ ಎರಡೂವರೆ ಕೆಜಿ ಬೇಳೆ ಹಾಕ್ತೀವಿ ಕಣಪ್ಪಾ, ಯಾಕೆ, ತೆಳ್ಳಗಿದ್ಯಾ?" ಅಂದರಂತೆ. ಎರಡೂವರೆ ಕೆಜಿಯನ್ನು 120ರಿಂದ ಭಾಗಿಸಿದರೆ ಒಬ್ಬರಿಗೆ 21 ಗ್ರಾಂ ಒಣ ಬೇಳೆ. ತೊಗರಿಬೇಳೆಯಲ್ಲಿ ನೂರಕ್ಕೆ 22 ಗ್ರಾಂ ಪ್ರೋಟೀನ್, ಹಾಗಾಗಿ ಒಂದು ಹೊತ್ತಿಗೆ ನಾಲ್ಕೂವರೆ ಗ್ರಾಂ, ಎರಡು ಹೊತ್ತಿಗೆ 9. ಇದು ಸರಾಸರಿ. ಮೊದಲ ಪಂಕ್ತಿಯಲ್ಲಿ ಕೂತವನಿಗೆ ಮೇಲಿನ ತಿಳಿ, ಕೊನೆಗೆ ಬಂದವನಿಗೆ ತಳದ ಬೇಳೆ. ಬಡಿಸುವವರು ಸೌಟು ಆಡಿಸದೆ ಹಾಕಿದರೆ ಈ 9 ಗ್ರಾಂ 5 ಆಗಬಹುದು, 12 ಕೂಡ ಆಗಬಹುದು.

ಎಲ್ಲಾ ಸೇರಿ 43 ಗ್ರಾಂ. ಇದನ್ನು ನೋಡಿ ಮಂಜುಗೆ ಆಶ್ಚರ್ಯ, ಅದರಲ್ಲೂ ಅರ್ಧದ ಹತ್ತಿರ ಅನ್ನದಿಂದಲೇ ಬರುತ್ತದೆ ಅನ್ನೋದಕ್ಕೆ. ಅಕ್ಕಿಯಲ್ಲಿ ಪ್ರೋಟೀನ್ ಕಮ್ಮಿ ಅನ್ನೋದು ನಿಜ, ಆದರೆ ನಾವು ತಿನ್ನುವುದು ರಾಶಿ ಅಲ್ವಾ.

80ರಲ್ಲಿ 43 ಕಳೆದರೆ 37. ಇವನು ದುಡ್ಡು ಕೊಟ್ಟು ಕೊಳ್ಳಬೇಕಾದ್ದು 37 ಗ್ರಾಂ, 120 ಅಲ್ಲ.

ಅಂಗಡಿಯ ಲೆಕ್ಕ

ಅವನ ರೂಮಿನ ಹತ್ತಿರದ ಅಂಗಡಿಗಳ ಬೆಲೆಯನ್ನೇ ಬರೆದುಕೊಂಡು ಬಾ ಅಂದೆ. ಆನ್‌ಲೈನ್ ಬೆಲೆ ಬೇಡ, ನೀನು ನಡೆದುಹೋಗಿ ಕೊಳ್ಳುವ ಬೆಲೆ ಬೇಕು. ನಮ್ಮೂರ ಕಡೆ ಮೀಲ್ ಮೇಕರ್ ಅನ್ನುವ ಸೋಯಾ ಚಂಕ್ಸ್, ಮೊಟ್ಟೆ, ಹಾಲು, ಬೇಳೆ ಇಷ್ಟನ್ನೇ ಹೇಳಿದ್ದೆ. ಕಡಲೆಕಾಳನ್ನೂ ಸೇರಿಸಿದೆ, ಯಾಕೆಂದರೆ ಬೇಳೆಕಾಳು ಅಂದರೆ ತೊಗರಿಯೊಂದೇ ಅಲ್ಲ. ಪೌಡರ್ ಡಬ್ಬವನ್ನು ಅವನೇ ಸೇರಿಸಿದ.

| ಪದಾರ್ಥ | ಕೊಂಡ ಬೆಲೆ | ಪ್ರೋಟೀನ್ | ₹1ಕ್ಕೆ ಬರುವ ಪ್ರೋಟೀನ್ |
|---|---|---|---|
| ಸೋಯಾ ಚಂಕ್ಸ್ (ಒಣ) | ಕೆಜಿಗೆ ₹140 | 100 ಗ್ರಾಂನಲ್ಲಿ 52 ಗ್ರಾಂ | 3.7 ಗ್ರಾಂ |
| ಕಡಲೆಕಾಳು (ಒಣ) | ಕೆಜಿಗೆ ₹90 | 100 ಗ್ರಾಂನಲ್ಲಿ 19 ಗ್ರಾಂ | 2.1 ಗ್ರಾಂ |
| ತೊಗರಿಬೇಳೆ (ಒಣ) | ಕೆಜಿಗೆ ₹130 | 100 ಗ್ರಾಂನಲ್ಲಿ 22 ಗ್ರಾಂ | 1.7 ಗ್ರಾಂ |
| ಮೊಟ್ಟೆ | 30ರ ಟ್ರೇ ₹195 | ಒಂದರಲ್ಲಿ 6 ಗ್ರಾಂ | 0.9 ಗ್ರಾಂ |
| ಟೋನ್ಡ್ ಹಾಲು | ಅರ್ಧ ಲೀಟರ್ ₹24 | ಅರ್ಧ ಲೀಟರಿನಲ್ಲಿ 15.5 ಗ್ರಾಂ | 0.65 ಗ್ರಾಂ |
| ಪ್ರೋಟೀನ್ ಪೌಡರ್ | ಕೆಜಿಗೆ ₹2,400 | 100 ಗ್ರಾಂನಲ್ಲಿ 72 ಗ್ರಾಂ | 0.3 ಗ್ರಾಂ |

ಬೆಲೆ ಬದಲಾದಾಗ ಲೆಕ್ಕ ಮತ್ತೆ ಹಾಕುವುದು ಸುಲಭ. 100 ಗ್ರಾಂನಲ್ಲಿರುವ ಪ್ರೋಟೀನನ್ನು ಹತ್ತರಿಂದ ಗುಣಿಸಿ, ಕೆಜಿ ಬೆಲೆಯಿಂದ ಭಾಗಿಸಿದರೆ ಆಯಿತು.

37 ಗ್ರಾಮನ್ನೂ ಒಂದೇ ಪದಾರ್ಥದಿಂದ ತುಂಬಿಸಿದರೆ ಏನಾಗುತ್ತದೆ ನೋಡಿ. ಸೋಯಾ ಆದರೆ ₹10. ತೊಗರಿಬೇಳೆಗೆ ₹22. ಮೊಟ್ಟೆಗೆ ₹40. ಹಾಲಿಗೆ ₹57, ಅದೂ ಒಂದು ಲೀಟರ್ ಮೇಲೆ ಇನ್ನೂ ಒಂದು ಲೋಟ ಕುಡಿಯಬೇಕು. ಅಕ್ಕನ ಅರ್ಧ ಲೀಟರ್ ಹಾಲು ದಿನದ ₹30ರಲ್ಲಿ ₹24 ನುಂಗಿ ಹದಿನೈದೂವರೆ ಗ್ರಾಂ ಕೊಡುತ್ತಿತ್ತು. ಉಳಿದ ₹6ರಲ್ಲಿ ಒಂದು ಮೊಟ್ಟೆಯೂ ಬರುವುದಿಲ್ಲ. ಹುಡುಗ ಪೌಡರ್ ಕಡೆ ನೋಡಿದ್ದರಲ್ಲಿ ಅವನ ತಪ್ಪೇನೂ ಇಲ್ಲ.

ಹಾಲು ಯಾಕೆ ಹೀಗೆ ಹಿಂದೆ ಬೀಳುತ್ತದೆ? ಪ್ಯಾಕೆಟ್ಟಿನ ಮೇಲೇ ಬರೆದಿರುತ್ತದೆ. ನಂದಿನಿಯ ನೀಲಿ ಪ್ಯಾಕೆಟ್ ತಗೊಂಡು ನೋಡಿ: ಕೊಬ್ಬು 3 ಪರ್ಸೆಂಟ್, ಎಸ್‌ಎನ್‌ಎಫ್ 8.5 ಪರ್ಸೆಂಟ್. ಎಸ್‌ಎನ್‌ಎಫ್ ಅಂದರೆ ಕೊಬ್ಬು, ನೀರು ಎರಡನ್ನೂ ತೆಗೆದ ಮೇಲೆ ಉಳಿಯುವ ಗಟ್ಟಿ ಭಾಗ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಪ್ರೋಟೀನ್, ಉಳಿದದ್ದರಲ್ಲಿ ಬಹುಪಾಲು ಹಾಲಿನ ಸಕ್ಕರೆ. ಮಿಕ್ಕಿದ್ದೆಲ್ಲಾ ನೀರು. ಜಾಸ್ತಿ ದುಡ್ಡು ಕೊಟ್ಟು ಗಟ್ಟಿ ಹಾಲಿನ ಪ್ಯಾಕೆಟ್ ತಂದರೆ ಹೆಚ್ಚಾಗುವುದು ಮುಖ್ಯವಾಗಿ ಕೆನೆ. ಪ್ರೋಟೀನ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಸೋಯಾ ಅಗ್ಗವಾಗಿರುವುದಕ್ಕೂ ಕಾರಣ ಇದೆ. ಅದು ಎಣ್ಣೆ ಗಿರಣಿಯಲ್ಲಿ ಉಳಿಯುವ ಮಾಲು. ಬೀದರ್ ಕಡೆ ಹೊಲಗಳಲ್ಲಿ ಬೆಳೆಯುವ ಸೋಯಾಬೀನಿನಲ್ಲಿ ನೂರಕ್ಕೆ ಹದಿನೆಂಟು ಇಪ್ಪತ್ತರಷ್ಟು ಎಣ್ಣೆ, 36ರಿಂದ 40ರಷ್ಟು ಪ್ರೋಟೀನ್. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಲ್ಲಿ ಪ್ರೋಟೀನಿನ ಪಾಲು 50 ದಾಟುತ್ತದೆ. ಅದನ್ನು ಹಿಟ್ಟು ಮಾಡಿ, ಬಿಸಿ ಮಾಡಿ, ಒತ್ತಡದಲ್ಲಿ ರಂಧ್ರದಿಂದ ಹೊರಗೆ ತಳ್ಳಿದಾಗ ಉಬ್ಬಿ ಸ್ಪಂಜಿನ ಹಾಗೆ ಆಗುತ್ತದೆ. ಇಂಥ ಹಿಂಡಿಯಲ್ಲಿ ಬಹುಪಾಲು ಕೋಳಿ, ದನಗಳ ಮೇವಿಗೆ ಹೋಗುತ್ತದೆ. ಮೊಟ್ಟೆಯ ದುಡ್ಡಿನಲ್ಲಿ ಒಂದು ಪಾಲು ಕೋಳಿ ತಿಂದ ಆ ಸೋಯಾದ್ದೇ.

"ಸಸ್ಯದ ಪ್ರೋಟೀನ್ ಕಳಪೆ ಅಲ್ವಾ?"

ಪಟ್ಟಿ ನೋಡಿದ ಕೂಡಲೇ ಮಂಜು ಕೇಳಿದ್ದು ಇದನ್ನೇ. ಪ್ರಶ್ನೆ ಸರಿಯಾಗಿದೆ. ಮೊಟ್ಟೆ, ಹಾಲಿನ ಪ್ರೋಟೀನ್ ಮೈಗೆ ಚೆನ್ನಾಗಿ ಹತ್ತುತ್ತದೆ. ಸೋಯಾ ಅದಕ್ಕೆ ಹತ್ತಿರದಲ್ಲೇ ಇದೆ. ಬೇಳೆಕಾಳು ಇನ್ನೂ ಸ್ವಲ್ಪ ಕೆಳಗೆ. ಹಾಗಾದರೆ ದಂಡ ಹಾಕಿಯೇ ನೋಡೋಣ ಅಂದೆ. ತೊಗರಿಯ ಪ್ರೋಟೀನಿನಲ್ಲಿ ಮೂರನೇ ಒಂದು ಭಾಗವನ್ನು ಸುಮ್ನೆ ಹೊಡೆದುಹಾಕು. ಆಗಲೂ ರೂಪಾಯಿಗೆ 1.1 ಗ್ರಾಂ ಉಳಿಯುತ್ತದೆ, ಮೊಟ್ಟೆಯ 0.9ಕ್ಕಿಂತ ಮೇಲೆ. ಸೋಯಾಗೆ ನೂರಕ್ಕೆ 15 ಕಡಿತ ಹಾಕಿದರೂ 3.1. ಕ್ರಮಾಂಕ ಬದಲಾಗುವುದೇ ಇಲ್ಲ.

ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈ ದಂಡ ಹಾಕುವುದು ಬೇಳೆಯೊಂದನ್ನೇ ತಿನ್ನುವವನಿಗೆ. ಪ್ರೋಟೀನ್ ಅನ್ನೋದು ಹಲವು ಅಮೈನೋ ಆಮ್ಲಗಳ ಸರ. ಅಕ್ಕಿಯಲ್ಲಿ ಲೈಸಿನ್ ಅನ್ನುವುದು ಕಮ್ಮಿ, ಬೇಳೆ ಮತ್ತು ಸೋಯಾದಲ್ಲಿ ಧಾರಾಳ. ಬೇಳೆಯಲ್ಲಿ ಮೆಥಿಯೋನಿನ್ ಕಮ್ಮಿ, ಅಕ್ಕಿ ಅದನ್ನು ಸರಿದೂಗಿಸುತ್ತದೆ. ಮಂಜು ದಿನಕ್ಕೆ ಕಾಲು ಕೆಜಿ ಅಕ್ಕಿ ಉಣ್ಣುವವನು. ಅವನ ತಟ್ಟೆಯಲ್ಲಿ ಆಗಲೇ ಇರುವ 19 ಗ್ರಾಂ ಅಕ್ಕಿ ಪ್ರೋಟೀನಿಗೆ ಲೈಸಿನ್ ಬೇಕು. ಅದನ್ನು ಅಗ್ಗದಲ್ಲಿ ತಂದುಕೊಡುವುದು ಸೋಯಾ ಮತ್ತು ಕಾಳು. ಒಂದೇ ತುತ್ತಿನಲ್ಲಿ ಎರಡೂ ಇರಲೇಬೇಕು ಅಂತಿಲ್ಲ, ಅದೇ ದಿನ ಹೊಟ್ಟೆಗೆ ಹೋದರೆ ಸಾಕು.

"ಹಾಗಾದ್ರೆ ಬರೀ ಸೋಯಾ ತಿಂತೀನಿ, ಹತ್ತು ರೂಪಾಯಿಗೆ ಮುಗೀತು" ಅಂದ. ಕೂಡಲೇ ಒಂದು ಕೆಜಿ ಪ್ಯಾಕೆಟ್ ತಂದ. ಆಮೇಲೆ ಆದದ್ದು ಕೇಳಿ.

ಸೋಯಾದಲ್ಲಿ ಅವನು ಮಾಡಿದ ಎರಡು ತಪ್ಪು

ಮೊದಲ ದಿನ ಉತ್ಸಾಹದಲ್ಲಿ 100 ಗ್ರಾಂ ಒಣ ಸೋಯಾ ನೆನೆಸಿ, ಉಪ್ಪು ಖಾರ ಹಾಕಿ ಅಷ್ಟೂ ತಿಂದಿದ್ದಾನೆ. ರಾತ್ರಿ ಹೊಟ್ಟೆ ಉಬ್ಬರ. ರೂಮಿನ ಇನ್ನಿಬ್ಬರು ಕಿಟಕಿ ತೆಗೆದು ಮಲಗಿದರಂತೆ. ಸೋಯಾದಲ್ಲಿ ನಮ್ಮ ಸಣ್ಣ ಕರುಳು ಒಡೆಯಲಾರದ ಕೆಲವು ಸಕ್ಕರೆಗಳಿವೆ. ಅವು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಜೊತೆಗೆ ನಾರೂ ಜಾಸ್ತಿ. ಈ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಹಾಗಾಗಿ ನೆನೆಸಿದ ನೀರನ್ನು ಚೆಲ್ಲಿದರೆ ಒಂದಿಷ್ಟು ಹೋಗುತ್ತದೆ. ಇವನು ಆ ನೀರಲ್ಲೂ "ಪ್ರೋಟೀನ್ ಇರುತ್ತೆ" ಅಂತ ಸಾರಿನ ಹಾಗೆ ಕುಡಿದಿದ್ದ!

ಹೆದರಿ ಎರಡು ದಿನ ಬಿಟ್ಟ. ಆಮೇಲೆ ನಾನು ಹೇಳಿದ ಹಾಗೆ ದಿನಕ್ಕೆ 20 ಗ್ರಾಂನಿಂದ ಶುರು ಮಾಡಿ, ಹತ್ತು ದಿನದಲ್ಲಿ 40ಕ್ಕೆ ಬಂದ. ಆಗ ಎರಡನೇ ತಪ್ಪು. ಜಿಮ್ಮಿನ ಗೆಳೆಯನೊಬ್ಬನಿಂದ ಸಣ್ಣ ತಕ್ಕಡಿ ತಂದು, ನೆನೆಸಿ ಹಿಂಡಿದ ಸೋಯಾವನ್ನು 40 ಗ್ರಾಂ ತೂಗಿ ತಿನ್ನುತ್ತಿದ್ದ. ಪ್ಯಾಕೆಟ್ಟಿನ ಮೇಲಿನ 52 ಗ್ರಾಂ ಒಣ ಸೋಯಾದ ಲೆಕ್ಕ. ನಾನು ನಮ್ಮ ಮನೆಯಲ್ಲಿ 50 ಗ್ರಾಂ ಒಣ ಸೋಯಾವನ್ನು ಬಿಸಿನೀರಿನಲ್ಲಿ ಕಾಲು ಗಂಟೆ ಇಟ್ಟು, ಅಂಗೈಯಲ್ಲಿ ಒತ್ತಿ ಹಿಂಡಿ ತೂಗಿದೆ. 145 ಗ್ರಾಂ ಬಂತು. ಹೆಚ್ಚುಕಮ್ಮಿ ಮೂರು ಪಟ್ಟು. ಅಂದರೆ ಇವನ 40 ಗ್ರಾಂ ಒದ್ದೆ ಸೋಯಾದಲ್ಲಿ ಇದ್ದದ್ದು 14 ಗ್ರಾಂ ಒಣ ಸೋಯಾ. ಅದರಲ್ಲಿ ಪ್ರೋಟೀನ್ 7 ಗ್ರಾಂ. ಅವನ ಡೈರಿಯಲ್ಲಿ ಬರೆದಿದ್ದು 21.

ಇದೇ ತಪ್ಪು ಬೇಳೆಯಲ್ಲೂ ಆಗುತ್ತದೆ. ಬೆಂದ ಬೇಳೆ ಒಂದು ಬಟ್ಟಲು ನೋಡಿ ನೂರಕ್ಕೆ 22 ಲೆಕ್ಕ ಹಾಕುತ್ತಾರೆ. ಮೊಳಕೆ ಕಾಳಿನ ಕಥೆಯೂ ಅದೇ. ಮೊಳಕೆ ಬಂದಾಗ ಕಾಳು ಕುಡಿದಿರುವುದು ನೀರು, ಪ್ರೋಟೀನ್ ಹುಟ್ಟಿಕೊಂಡಿರುವುದಿಲ್ಲ. ತೂಗುವುದಾದರೆ ಎಲ್ಲವನ್ನೂ ಒಣಗಿರುವಾಗಲೇ ತೂಗಬೇಕು. ತಕ್ಕಡಿ ದಿನಾ ಸಿಗುವುದಿಲ್ಲ ಅಂತ ನಾವು ಒಂದು ಉಪಾಯ ಮಾಡಿದೆವು. 40 ಗ್ರಾಂ ಒಣ ಸೋಯಾ ಒಂದು ಸಲ ತೂಗಿ, ಅವನ ಸ್ಟೀಲ್ ಲೋಟಕ್ಕೆ ಸುರಿದು, ಎಲ್ಲಿಗೆ ಬಂತೋ ಅಲ್ಲಿಗೆ ಹೊರಗಡೆ ಮಾರ್ಕರ್‌ನಲ್ಲಿ ಗೆರೆ ಎಳೆದ. ತಕ್ಕಡಿ ವಾಪಸ್ ಹೋಯಿತು.

ಅಡುಗೆ ಅಂದರೂ ದೊಡ್ಡದೇನಲ್ಲ. ಕೆಟಲ್‌ನಲ್ಲಿ ನೀರು ಕುದಿಸಿ, ಉಪ್ಪು ಹಾಕಿದ ಪಾತ್ರೆಯಲ್ಲಿರುವ ಸೋಯಾಗೆ ಸುರಿದು ಮುಚ್ಚಿಡುವುದು. ಕೆಟಲ್ ಒಳಗೇ ಸೋಯಾ ಹಾಕಿ ಕುದಿಸಬಾರದು, ನೊರೆ ಉಕ್ಕಿ ಮುಚ್ಚಳದಿಂದ ಹೊರಗೆ ಬರುತ್ತದೆ. ಕಾಲು ಗಂಟೆ ಬಿಟ್ಟು ಹಿಂಡಿ, ತಣ್ಣೀರು ಹಾಕಿ ಇನ್ನೊಂದು ಸಲ ಹಿಂಡಬೇಕು. ಆ ಹಸಿ ಹುರುಳಿಯಂಥ ವಾಸನೆ ಈ ಎರಡನೇ ಹಿಂಡಿನಲ್ಲಿ ಬಹಳ ಕಮ್ಮಿಯಾಗುತ್ತದೆ. ಆಮೇಲೆ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ಈರುಳ್ಳಿ, ಖಾರದ ಪುಡಿ. ಅಂಚು ಕೆಂಪಾಗುವ ತನಕ ಹುರಿಯಬೇಕು. ಹುರಿಯುವುದಕ್ಕೆ ಮನಸ್ಸಿಲ್ಲದ ದಿನ ಡಬ್ಬಿಯಲ್ಲಿ ಮೆಸ್ಸಿಗೆ ಒಯ್ದು ಸಾಂಬಾರಿಗೇ ಹಾಕಿಕೊಂಡರೂ ಆಯಿತು. ಹಿಂಡಿದ ಸ್ಪಂಜು ಸಾಂಬಾರನ್ನು ಹೀರಿಕೊಳ್ಳುತ್ತದೆ.

ಒಂದು ಮಾತು ಬಿಡಿ ಮಾಲಿನ ಬಗ್ಗೆ. ಅಂಗಡಿಯಲ್ಲಿ ಮೂಟೆಯಿಂದ ತೂಗಿ ಕೊಡುವ ಸೋಯಾ ಇನ್ನೂ ₹20 ಅಗ್ಗಕ್ಕೆ ಸಿಗುತ್ತಿತ್ತು. ನಾನು ಬೇಡ ಅಂದೆ. ಲೇಬಲ್ ಇಲ್ಲದ ಮಾಲಿಗೆ 52ರ ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ. ದಿನಕ್ಕೆ 40 ಗ್ರಾಂ ತಿನ್ನುವವನಿಗೆ ಅದರಲ್ಲಿ ಉಳಿಯುವುದು 80 ಪೈಸೆ.

ಹಾಗಾದರೆ ಬರೀ ಸೋಯಾ ಯಾಕೆ ಅಲ್ಲ

37 ಗ್ರಾಮನ್ನೂ ಸೋಯಾದಿಂದಲೇ ತುಂಬಿಸಲು ದಿನಕ್ಕೆ 71 ಗ್ರಾಂ ಒಣ ಸೋಯಾ ಬೇಕು, ಹಿಂಡಿದ ಮೇಲೆ 200 ಗ್ರಾಂ. ನಾನು 50 ದಾಟಿಸುವುದಿಲ್ಲ. ಹೊಟ್ಟೆಯ ಕಾರಣಕ್ಕೆ ಸ್ವಲ್ಪ, ಬೇಜಾರಿನ ಕಾರಣಕ್ಕೆ ಜಾಸ್ತಿ. "ಸೋಯಾ ತಿಂದ್ರೆ ಗಂಡಸ್ತನ ಹೋಗುತ್ತಂತೆ" ಅನ್ನುವ ಜಿಮ್ ಮಾತೂ ಬಂತು. ಇಷ್ಟು ಪ್ರಮಾಣದಲ್ಲಿ ತಿಂದ ಗಂಡಸರಲ್ಲಿ ಟೆಸ್ಟೋಸ್ಟಿರಾನ್ ಇಳಿಯುವುದು ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ಎಚ್ಚರ ಬೇಕಾದ್ದು ಬೇರೆ ಕಡೆ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಗೂ ಸೋಯಾಗೂ ನಡುವೆ ಕೆಲವು ಗಂಟೆ ಬಿಡಬೇಕು, ಇಲ್ಲವಾದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಿಡ್ನಿ ತೊಂದರೆ ಇರುವವರು ಈ ಬರಹದ ಯಾವ ಲೆಕ್ಕವನ್ನೂ ಡಾಕ್ಟರನ್ನು ಕೇಳದೆ ಹಿಡಿಯಬಾರದು.

ಇನ್ನೊಂದು ಕಾರಣ ವಿಟಮಿನ್ ಬಿ12. ಸೋಯಾದಲ್ಲಿ, ಬೇಳೆಯಲ್ಲಿ, ಅಕ್ಕಿ ರಾಗಿಯಲ್ಲಿ ಅದು ಇಲ್ಲ. ಮೊಟ್ಟೆ, ಹಾಲಿನಲ್ಲಿ ಇದೆ. ಪ್ರೋಟೀನ್ ಪಟ್ಟಿಯಲ್ಲಿ ಹಿಂದೆ ಬಿದ್ದ ಇವೆರಡಕ್ಕೆ ನಾನು ಇವನ ದಿನದಲ್ಲಿ ಜಾಗ ಇಟ್ಟಿದ್ದು ಮುಖ್ಯವಾಗಿ ಇದಕ್ಕೇ. ಕ್ಯಾಲ್ಸಿಯಂ ವಿಷಯದಲ್ಲಿ ಇವನು ಅದೃಷ್ಟವಂತ. ದಿನಾ ರಾತ್ರಿ ಮುದ್ದೆ ಉಣ್ಣುತ್ತಾನೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ. ಬರೀ ಅನ್ನದ ಮೆಸ್ಸಾಗಿದ್ದರೆ ಹಾಲನ್ನು ಇಷ್ಟು ಕಡಿತ ಮಾಡಲು ನಾನು ಒಪ್ಪುತ್ತಿರಲಿಲ್ಲ.

ಮೊಟ್ಟೆಯಲ್ಲಿ ದುಡ್ಡು ಸೋರುವ ಜಾಗಗಳು ಎರಡು. ಮೊದಲನೆಯದು ಹಳದಿ ಎಸೆಯುವುದು. ಜಿಮ್ಮಿನಲ್ಲಿ ಎಲ್ಲರೂ ಬಿಳಿ ಮಾತ್ರ ತಿನ್ನುತ್ತಾರೆ ಅಂತ ಇವನೂ ಹಾಗೇ ಮಾಡುತ್ತಿದ್ದ. ಮೊಟ್ಟೆಯ ಪ್ರೋಟೀನಿನಲ್ಲಿ ನೂರಕ್ಕೆ 40ರಷ್ಟು ಹಳದಿಯಲ್ಲಿದೆ, ಬಿ12 ಕೂಡ ಅಲ್ಲೇ. ₹6.50 ಕೊಟ್ಟು ಮೂರೂವರೆ ಗ್ರಾಂ ತಿಂದ ಹಾಗಾಯಿತು. ಎರಡನೆಯದು ತಳ್ಳುಗಾಡಿ. ಬೇಯಿಸಿ, ಸೀಳಿ, ಈರುಳ್ಳಿ ಉದುರಿಸಿದ ಮೊಟ್ಟೆಗೆ ಅಲ್ಲಿ ₹12. ಟ್ರೇ ತಂದು ರೂಮಿನಲ್ಲಿ ಬೇಯಿಸಿದರೆ ಹತ್ತಿರ ಹತ್ತಿರ ಅರ್ಧ ಖರ್ಚು. ಫ್ರಿಜ್ ಇಲ್ಲದ್ದರಿಂದ ಮೂವರೂ ಸೇರಿ ಒಂದು ಟ್ರೇ ತರುತ್ತಾರೆ, ಐದು ದಿನದಲ್ಲಿ ಖಾಲಿ. ಹಸಿ ಮೊಟ್ಟೆ ಕುಡಿಯುವ ಚಟವೂ ಒಬ್ಬನಿಗಿತ್ತು. ಬೇಯಿಸಿದ ಮೊಟ್ಟೆಯ ಪ್ರೋಟೀನ್ ನೂರಕ್ಕೆ ತೊಂಬತ್ತರಷ್ಟು ಜೀರ್ಣವಾದರೆ, ಹಸಿಯದ್ದು ಸುಮಾರು ಅರ್ಧ. ಅದನ್ನು ಹೇಳಿದ ಮೇಲೆ ಬಿಟ್ಟ.

ತೊಗರಿಬೇಳೆ ಈ ರೂಮಿನಲ್ಲಿ ಆಗಿಬರಲಿಲ್ಲ. ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವುದಕ್ಕೆ ಮುಕ್ಕಾಲು ಗಂಟೆ ಇಂಡಕ್ಷನ್ ಉರಿಸಬೇಕು. ಕಡಲೆಕಾಳಿಗೆ ಅದಕ್ಕಿಂತ ಜಾಸ್ತಿ. ಹಾಗಾಗಿ ಕಾಳಿನ ಜಾಗಕ್ಕೆ ಹುರಿಗಡಲೆ ಬಂತು. ಕೆಜಿಗೆ ₹110, ನೂರರಲ್ಲಿ 21 ಗ್ರಾಂ ಪ್ರೋಟೀನ್, ರೂಪಾಯಿಗೆ 1.9. ಒಲೆ ಬೇಡ, ನೆನೆಸೋದು ಬೇಡ, ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಕ್ಲಾಸಿಗೆ ಹೋಗಬಹುದು. ಮನೆಯಲ್ಲಿ ಕುಕ್ಕರ್ ಇರುವವರಿಗೆ ನಾನು ಕಡಲೆಕಾಳು ಇಲ್ಲವೇ ಹುರುಳಿಕಾಳನ್ನೇ ಹೇಳುತ್ತೇನೆ.

ಕೊನೆಗೆ ನಿಂತ ಲೆಕ್ಕ

ದಿನಕ್ಕೆ 40 ಗ್ರಾಂ ಒಣ ಸೋಯಾ: ₹5.60ಕ್ಕೆ 21 ಗ್ರಾಂ ಪ್ರೋಟೀನ್. ಎರಡು ಮೊಟ್ಟೆ, ಹಳದಿ ಸಮೇತ: ₹13ಕ್ಕೆ 12. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟನ್ನು ಮೂವರು ಹಂಚಿಕೊಂಡರೆ ಒಬ್ಬನಿಗೆ ₹8, ಪ್ರೋಟೀನ್ 5. ಒಟ್ಟು ₹26.60ಕ್ಕೆ 38 ಗ್ರಾಂ. ಉಳಿದ ಮೂರು ಚಿಲ್ಲರೆ ರೂಪಾಯಿ ಎಣ್ಣೆ, ಈರುಳ್ಳಿಗೆ. ಸೋಯಾ ಬೇಡ ಅನ್ನಿಸಿದ ದಿನ ಒಂದು ಹಿಡಿ, 50 ಗ್ರಾಂ, ಹುರಿಗಡಲೆ.

ಅಕ್ಕನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಹಾಲು ಬಿಡಿಸಿ ಅದೇನೋ ರಬ್ಬರ್ ಉಂಡೆ ತಿನ್ನಿಸ್ತಿದ್ದೀಯಂತೆ ನನ್ ಮಗನಿಗೆ?"

"ಬಿಡಿಸಿಲ್ಲ ಅಕ್ಕ, ಒಂದು ಲೋಟ ಕುಡೀತಾನೆ. ಮೊದಲು ಅರ್ಧ ಲೀಟರ್ ತಂದು ಒಂದು ಲೋಟ ಕುಡಿದು ಮಿಕ್ಕಿದ್ದು ಒಡೆದು ಹೋಗ್ತಿತ್ತಲ್ಲ, ಬೇಸಿಗೆಯಲ್ಲಿ."

ಅದು ಅವಳಿಗೆ ಗೊತ್ತಿರಲಿಲ್ಲ. ನನಗೂ ಹದಿನೈದು ದಿನದ ಹಿಂದಷ್ಟೇ ಗೊತ್ತಾಗಿದ್ದು. ಒಡೆದ ಹಾಲನ್ನೂ ಲೆಕ್ಕಕ್ಕೆ ತಗೊಂಡರೆ ಅವನ ಹಾಲಿನಿಂದ ರೂಪಾಯಿಗೆ ಬರುತ್ತಿದ್ದದ್ದು 0.65 ಕೂಡ ಅಲ್ಲ.

ಒಂದು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕು ಅಂದಿದ್ದೆ. ಸೋಯಾ ತಿಂದ ದಿನ ಸುತ್ತು, ಹುರಿಗಡಲೆಗೆ ಅಡ್ಡಗೆರೆ, ಎರಡೂ ಇಲ್ಲದ ದಿನ ಖಾಲಿ. ಫೋಟೋ ಕಳಿಸಿದ. 30 ದಿನದಲ್ಲಿ 19 ಸುತ್ತು, 6 ಗೆರೆ, 5 ಖಾಲಿ. ಮೊದಲ ಎರಡು ವಾರ ಸುತ್ತಿನ ಮೇಲೆ ಸುತ್ತು. ಇಂಟರ್ನಲ್ಸ್ ಶುರುವಾದ ವಾರ ಸಾಲಾಗಿ ಖಾಲಿ. ಮೊಟ್ಟೆ, ಹಾಲು ಮಾತ್ರ ಒಂದು ದಿನವೂ ತಪ್ಪಿರಲಿಲ್ಲ, ಯಾಕೆಂದರೆ ಅವನ್ನು ಮೂವರಲ್ಲಿ ಯಾರಾದರೊಬ್ಬರು ಒಲೆಗೆ ಇಡುತ್ತಿದ್ದರು. ಸೋಯಾ ಹಿಂಡುವವನು ಇವನೊಬ್ಬನೇ.

ಈ ಗುರುತುಗಳನ್ನು ಲೆಕ್ಕಕ್ಕೆ ಹಾಕಿದರೆ ಸೋಯಾ, ಹುರಿಗಡಲೆಯಿಂದ ದಿನಕ್ಕೆ ಸಿಕ್ಕಿದ್ದು ಸರಾಸರಿ 15 ಗ್ರಾಂ, ಕಾಗದದ ಮೇಲಿನ 21 ಅಲ್ಲ. ಮೆಸ್ಸಿನದ್ದೂ ಸೇರಿ ದಿನಕ್ಕೆ 75. ಕೆಜಿ ತೂಕಕ್ಕೆ 1.25. ನನಗೆ ಇದು ಸಾಕು. ಪಟ್ಟಿಯಲ್ಲಿ ರೂಪಾಯಿಗೆ 3.7 ಅಂತ ಬರೆದ ಸೋಯಾ ತಿನ್ನದೆ ಡಬ್ಬಿಯಲ್ಲಿ ಉಳಿದ ದಿನ ಸೊನ್ನೆ. ಆದರೂ ಅದು ಒಣ ಪದಾರ್ಥ, ಹಾಲಿನ ಹಾಗೆ ಮರುದಿನ ಚೆಲ್ಲಬೇಕಿಲ್ಲ. ತಪ್ಪಿದ ದಿನ ಪ್ರೋಟೀನ್ ತಪ್ಪಿತು, ದುಡ್ಡು ತಪ್ಪಲಿಲ್ಲ.

ಚಳಿಗಾಲ ಬಂದಾಗ ಮತ್ತೆ ಫೋನ್ ಬಂತು. ಮೊಟ್ಟೆ ರೇಟು ಏರಿದೆ, ಟ್ರೇ ₹225 ಅಂತೆ. ಚಳಿಗಾಲದಲ್ಲಿ ಇದು ಮಾಮೂಲು. ಏನು ಮಾಡಲಿ ಅಂತ ಕೇಳಲಿಲ್ಲ, ತಾನೇ ಲೆಕ್ಕ ಹಾಕಿಕೊಂಡು ಬಂದಿದ್ದ. "ಒಂದು ಮೊಟ್ಟೆ ಏಳೂವರೆ ಆಯ್ತು ಚಿಕ್ಕಮ್ಮ. ಅದೇ 6 ಗ್ರಾಮಿಗೆ ಸೋಯಾ 12 ಗ್ರಾಂ ಸಾಕು, ಒಂದು ಎಪ್ಪತ್ತು. ಸೋಯಾ ತಿನ್ನೋ ದಿನ ಒಂದೇ ಮೊಟ್ಟೆ, ತಿನ್ನದ ದಿನ ಎರಡು. ಲೋಟದ ಗೆರೆ ಸ್ವಲ್ಪ ಮೇಲೆ ಹಾಕ್ಕೊಂಡಿದ್ದೀನಿ."

ಸೋಯಾ 52 ಗ್ರಾಂ ಆಯಿತು, ನನ್ನ 50ರ ಗೆರೆಗಿಂತ ಎರಡು ಮೇಲೆ. ಹೊಟ್ಟೆ ಹೇಗಿದೆ ಎಂದು ಕೇಳಿದೆ. ಪರವಾಗಿಲ್ಲ ಅಂದ. ಹಾಲಿನ ಲೋಟ ಮಾತ್ರ ಬಿಡಬೇಡ ಎಂದು ಹೇಳಿ ಫೋನಿಟ್ಟೆ.